ಎರಡು ನಿಮಿಷದ ಲೆಕ್ಕ

ಭಾಗ 1

ಅಲ್ಗಾರಿದಮ್ ಅಂದ ತಕ್ಷಣ ನಮ್ಮ ಕ್ಲಾಸಿನವರಿಗೆಲ್ಲ ರೀಲ್ಸ್ ನೆನಪಾಗತ್ತೆ. ಇದು ಆ ಅಲ್ಗಾರಿದಮ್ ಅಲ್ಲ. ಹೃದಯ ನಿಂತ ಮನುಷ್ಯ ಎದುರಿಗೆ ಬಿದ್ದಿರುವಾಗ ಯಾವುದಾದ ಮೇಲೆ ಯಾವುದು ಮಾಡಬೇಕು ಅಂತ ಒಂದೇ ಪುಟದಲ್ಲಿ ಬಾಣ ಹಾಕಿ ತೋರಿಸಿರೋ ಚಾರ್ಟು. ಕೈಯಿಂದ ಎದೆ ಒತ್ತೋದು, ಉಸಿರು ಕೊಡೋದು, ಶಾಕ್ ಕೊಡೋ ಮೆಷಿನ್ ತರಿಸೋದು, ಇಷ್ಟು ಬಿಎಲ್‌ಎಸ್. ಅದರ ಮೇಲೆ ಮಾನಿಟರ್ ಓದಿ ಇಂಜೆಕ್ಷನ್ ಕೊಟ್ಟು, ಕಾರಣ ಹುಡುಕಿ, ಇಡೀ ಟೀಮನ್ನು ನಡೆಸೋದು ಎಸಿಎಲ್‌ಎಸ್.

ಬಿಕಾಂ ಓದೋಳಿಗೆ ಇದೆಲ್ಲ ಯಾಕೆ ಅಂತ ಡಿಎಂ ಮಾಡೋಕೆ ಮುಂಚೆ ಹೇಳಿಬಿಡ್ತೀನಿ. ನಮ್ಮಕ್ಕ ಸ್ಟಾಫ್ ನರ್ಸ್, ಕ್ಯಾಶುವಾಲ್ಟಿಯಲ್ಲಿ. ಅವಳ ಕಾಂಟ್ರ್ಯಾಕ್ಟ್ ಮುಂದುವರಿಬೇಕು ಅಂದ್ರೆ ಎಸಿಎಲ್‌ಎಸ್ ಸರ್ಟಿಫಿಕೇಟ್ ಬೇಕಿತ್ತು. ಥಿಯರಿ ಪೇಪರಲ್ಲಿ ಪಾಸಾಗೋಕೆ ನೂರಕ್ಕೆ 84 ಬರಬೇಕು, ಅವಳಿಗೆ ಅದಕ್ಕಿಂತ ಚೆನ್ನಾಗೇ ಬಂತು. ಮೆಗಾಕೋಡ್‌ನಲ್ಲಿ ಪಾಸಾಗಲಿಲ್ಲ. ಮೆಗಾಕೋಡ್ ಅಂದ್ರೆ ಗೊಂಬೆ ಮೇಲೆ ನಡೆಯೋ ಪ್ರಾಕ್ಟಿಕಲ್. ಎಗ್ಸಾಮಿನರ್ ಒಂದು ಕೇಸ್ ಹೇಳ್ತಾರೆ, ನೀವು ಟೀಮ್ ಲೀಡರ್, ಕೇಸು ನಿಮ್ಮ ಕಣ್ಣೆದುರೇ ಬದಲಾಗ್ತಾ ಹೋಗತ್ತೆ. ಎರಡನೇ ಚಾನ್ಸಿಗೆ ಮೂರು ವಾರ ಇತ್ತು. ಆ ಮೂರು ವಾರ ರಾತ್ರಿ ಊಟ ಆದ್ಮೇಲೆ ನಮ್ಮನೆ ಹಾಲಲ್ಲಿ ತಲೆದಿಂಬು ಪೇಷಂಟು, ಫೋನ್ ಸ್ಟಾಪ್‌ವಾಚು, ನಾನು ಎಗ್ಸಾಮಿನರು.

ಮೊದಲ ರಾತ್ರೀನೇ ಗೊತ್ತಾಯ್ತು. ಅಕ್ಕನಿಗೆ ಡೋಸುಗಳೆಲ್ಲ ಬಾಯಿಪಾಠ, ನಿದ್ದೆಯಲ್ಲಿ ಎಬ್ಬಿಸಿ ಕೇಳಿದ್ರೂ ಹೇಳ್ತಾಳೆ. ಆದ್ರೆ "ಈಗ ಎಷ್ಟು ನಿಮಿಷ ಆಯ್ತು, ಮುಂದಿನದು ಯಾವಾಗ?" ಅಂದ್ರೆ ತಡವರಿಸ್ತಿದ್ಳು. ಅವಳನ್ನ ಕೆಡವಿದ್ದು ಗಡಿಯಾರ. ಅದಕ್ಕೇ ನಾವು ಡೋಸ್ ಪಟ್ಟಿ ಪಕ್ಕಕ್ಕಿಟ್ಟು ಎರಡು ನಿಮಿಷದ ಸುತ್ತನ್ನ ಹಿಡ್ಕೊಂಡ್ವಿ. ಈ ಸೀರೀಸಲ್ಲಿ ಹೇಳೋದು ಅದೊಂದನ್ನೇ.

ನರ್ಸಿಂಗ್, ಎಂಬಿಬಿಎಸ್, ಬಿಡಿಎಸ್ ಓದ್ತಿರೋರು ಸೇವ್ ಮಾಡ್ಕೊಳ್ಳಿ. ಕೋರ್ಸಲ್ಲಿ ಕೊಡೋ ಪುಸ್ತಕ ಯಾವ ವರ್ಷದ್ದು ಅಂತ ಮಾತ್ರ ನೋಡ್ಕೊಳ್ಳಿ, ಗೈಡ್‌ಲೈನ್ ಆಗಾಗ ಬದಲಾಗತ್ತೆ. ನಾವು ಓದಿದ್ದು ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಚಾರ್ಟು.

ಭಾಗ 2

ಎಲ್ಲದಕ್ಕೂ ಮುಂಚಿನ ಅರ್ಧ ನಿಮಿಷ ಬಿಎಲ್‌ಎಸ್‌ದು. ಎಸಿಎಲ್‌ಎಸ್ ಪರೀಕ್ಷೇಲೂ ಕೇಸ್ ಶುರುವಾಗೋದು ಇಲ್ಲಿಂದಾನೇ, ಮತ್ತೆ ಎಷ್ಟೋ ಜನ ಇದನ್ನ "ಅಯ್ಯೋ ಇದು ಗೊತ್ತಿರೋದೇ" ಅಂತ ಹಾರಿಸಿಬಿಡ್ತಾರೆ.

ಜಾಗ ಸುರಕ್ಷಿತವಾಗಿದೆಯಾ ನೋಡಿ. ಹೆಗಲು ತಟ್ಟಿ ಜೋರಾಗಿ ಕೂಗಿ. ಉತ್ತರ ಇಲ್ಲ ಅಂದ್ರೆ ಸಹಾಯಕ್ಕೆ ಕರೀರಿ, ಡಿಫಿಬ್ರಿಲೇಟರ್ ತರೋಕೆ ಹೇಳಿ. ಆಮೇಲೆ ಕತ್ತಿನ ಪಕ್ಕದ ನಾಡಿ ಮತ್ತೆ ಉಸಿರು, ಎರಡನ್ನೂ ಒಟ್ಟಿಗೇ ನೋಡಬೇಕು. ಕನಿಷ್ಠ 5 ಸೆಕೆಂಡ್, 10ಕ್ಕಿಂತ ಜಾಸ್ತಿ ಬೇಡ. 10 ಸೆಕೆಂಡಲ್ಲಿ ನಾಡಿ ಇದೆ ಅಂತ ಖಚಿತವಾಗಿ ಹೇಳೋಕೆ ಆಗಲಿಲ್ವಾ, ಇಲ್ಲ ಅಂತಲೇ ತಿಳ್ಕೊಂಡು ಎದೆ ಒತ್ತೋಕೆ ಶುರು ಮಾಡಬೇಕು.

ಇಲ್ಲೊಂದು ಬಲೆ ಇದೆ. ಎಗ್ಸಾಮಿನರ್ "ಪೇಷಂಟು ಆಗೊಮ್ಮೆ ಈಗೊಮ್ಮೆ ಬಾಯಿ ತೆರೆದು ಉಸಿರೆಳೀತಿದ್ದಾರೆ" ಅಂತಾರೆ. ಕೇಳಿದವರು ಉಸಿರು ಇದೆಯಲ್ಲ ಅಂತ ನಿಲ್ತಾರೆ. ದಡದ ಮೇಲೆ ಬಿದ್ದ ಮೀನಿನ ಥರ ಬರೋ ಆ ಏದುಸಿರಿಗೆ ಗ್ಯಾಸ್ಪಿಂಗ್ ಅಂತಾರೆ, ಅದು ಉಸಿರಾಟದ ಲೆಕ್ಕಕ್ಕೆ ಬರಲ್ಲ. ಹೃದಯ ನಿಂತ ಮೊದಲ ಕೆಲವು ನಿಮಿಷ ಮೆದುಳಿನ ಬುಡದಿಂದ ಬರೋ ಕೊನೆಯ ಒದ್ದಾಟ ಅದು. ಹಳ್ಳಿ ಕಡೆ "ಇನ್ನೂ ಉಸಿರಾಡ್ತಿದ್ರು, ಗಾಡಿಗೆ ಹಾಕ್ಕೊಂಡು ಬಂದ್ವಿ" ಅನ್ನೋ ಮಾತು ಕ್ಯಾಶುವಾಲ್ಟಿಯಲ್ಲಿ ತುಂಬ ಕೇಳ್ತೀವಿ ಅಂತಾಳೆ ಅಕ್ಕ. ಆ ದಾರಿಯುದ್ದಕ್ಕೂ ಯಾರೂ ಎದೆ ಮುಟ್ಟಿರಲ್ಲ.

ಒತ್ತೋದು ನಿಮಿಷಕ್ಕೆ 100ರಿಂದ 120. ದೊಡ್ಡವರಿಗೆ ಆಳ ಕನಿಷ್ಠ 5 ಸೆಂಟಿಮೀಟರ್, 6 ದಾಟಬಾರದು. ಪ್ರತಿ ಸಲ ಎದೆ ಪೂರ್ತಿ ಮೇಲೇಳೋಕೆ ಬಿಡಬೇಕು. ಯಾಕಂದ್ರೆ ಹೃದಯಕ್ಕೆ ರಕ್ತ ವಾಪಸ್ ತುಂಬೋದು ಆ ಏಳುವಾಗಲೇ, ನಾವು ಒತ್ತುವಾಗ ಅಲ್ಲ. 30 ಒತ್ತು, 2 ಉಸಿರು. ಸ್ಪೀಡ್ ಸರಿ ಇದ್ಯಾ ಅಂತ ನೋಡೋಕೆ ಸುಲಭದ ಲೆಕ್ಕ: 30 ಒತ್ತು 15ರಿಂದ 18 ಸೆಕೆಂಡಲ್ಲಿ ಮುಗೀಬೇಕು. 13ರಲ್ಲೇ ಮುಗಿದ್ರೆ ತೀರಾ ಜೋರು, ಆಗ ಆಳ ತಾನಾಗೇ ಕಮ್ಮಿ ಆಗತ್ತೆ. ನಮ್ಮಕ್ಕ ಟೆನ್ಷನ್‌ನಲ್ಲಿ ಹಾಗೇ ಓಡ್ತಿದ್ಳು. ಮೆಟ್ರೊನೋಮ್ ಆ್ಯಪಲ್ಲಿ 110 ಇಟ್ಟು ಟಿಕ್ ಟಿಕ್ ಹಾಕಿದ್ಮೇಲೆ ದಾರಿಗೆ ಬಂದ್ಳು. ಪಕ್ಕದ ಮನೆ ಆಂಟಿ ಮಾತ್ರ "ರಾತ್ರಿ ಹೊತ್ತು ಏನ್ರೇ ಅದು ಶಬ್ದ" ಅಂತ ಎರಡು ಸಲ ಬಾಗಿಲು ತಟ್ಟಿದ್ರು.

30ಕ್ಕೆ 2ರ ಹಾಗೆ ಐದು ಸುತ್ತು ಮಾಡಿದ್ರೆ ಹತ್ತಿರ ಹತ್ತಿರ ಎರಡು ನಿಮಿಷ. ಆ ಎರಡು ನಿಮಿಷಾನೇ ಇಡೀ ಎಸಿಎಲ್‌ಎಸ್‌ನ ಅಳತೆಗೋಲು.

ಭಾಗ 3

ಪ್ರತಿ ಎರಡು ನಿಮಿಷಕ್ಕೆ ಒಂದು ಸಣ್ಣ ನಿಲುಗಡೆ ಬರತ್ತೆ. ಆ ನಿಲುಗಡೆಯಲ್ಲಿ ಒತ್ತೋರು ಬದಲಾಗ್ತಾರೆ, ಲೀಡರ್ ಮಾನಿಟರ್ ನೋಡ್ತಾರೆ, ಶಾಕ್ ಕೊಡಬೇಕೋ ಬೇಡವೋ ಅಂತ ತೀರ್ಮಾನ ಆಗತ್ತೆ. ಎಲ್ಲ ಸೇರಿ 10 ಸೆಕೆಂಡ್ ಒಳಗೆ. ಮತ್ತೆ ಕೈ ಎದೆ ಮೇಲೆ.

ಯಾಕಿಷ್ಟು ಜಿಪುಣತನ ಅಂತ ನಾನೂ ಕೇಳಿದ್ದೆ. ಅಕ್ಕ ಬೋರ್‌ವೆಲ್ ಕೈಪಂಪಿನ ಉದಾಹರಣೆ ಕೊಟ್ಟಳು. ಹತ್ತಾರು ಸಲ ಜಗ್ಗಿದ್ಮೇಲೇ ನೀರು ಧಾರೆಯಾಗಿ ಬರೋದು, ಕೈ ಬಿಟ್ಟ ಕ್ಷಣವೇ ಇಳಿದುಹೋಗತ್ತೆ. ಎದೆ ಒತ್ತೋದೂ ಹಾಗೇ. ಹೃದಯದ ಸ್ವಂತ ರಕ್ತನಾಳಗಳಿಗೆ ರಕ್ತ ಹೋಗೋ ಅಷ್ಟು ಒತ್ತಡ ಕಟ್ಟೋಕೆ ಸುಮಾರು ಒತ್ತುಗಳು ಬೇಕು, ಬೀಳೋಕೆ ಎರಡು ಸೆಕೆಂಡ್ ಸಾಕು. ಹಾಗಾಗಿ ನಿಲುಗಡೆ ಉದ್ದವಾದಷ್ಟೂ ಸೊನ್ನೆಯಿಂದ ಶುರು ಮಾಡಬೇಕಾಗತ್ತೆ.

ಮಾನಿಟರಲ್ಲಿ ನೋಡೋ ಪ್ರಶ್ನೆ ಒಂದೇ: ಇದು ಶಾಕಿಗೆ ಬಗ್ಗೋ ರಿದಮ್ಮಾ, ಅಲ್ವಾ? ವೆಂಟ್ರಿಕ್ಯುಲರ್ ಫಿಬ್ರಿಲೇಷನ್, ಅಂದ್ರೆ ವಿಎಫ್, ಮಗು ಪೆನ್ಸಿಲ್ ಹಿಡಿದು ಗೀಚಿದ ಹಾಗಿರತ್ತೆ. ನಾಡಿ ಇಲ್ಲದ ವೆಂಟ್ರಿಕ್ಯುಲರ್ ಟ್ಯಾಕಿಕಾರ್ಡಿಯಾ ಅಗಲ ಅಗಲವಾದ ಒಂದೇ ಥರದ ಗುಡ್ಡಗಳ ಸಾಲು. ಇವೆರಡಕ್ಕೂ ಶಾಕ್. ನೇರ ಗೆರೆ ಅಸಿಸ್ಟೊಲಿ. ಗೆರೆ ನೋಡೋಕೆ ನೆಟ್ಟಗಿದ್ದೂ ಕತ್ತಲ್ಲಿ ನಾಡಿ ಇಲ್ಲ ಅಂದ್ರೆ ಪಿಇಎ. ಇವೆರಡಕ್ಕೆ ಶಾಕ್ ಇಲ್ಲ.

ನೇರ ಗೆರೆ ಬಂತು, ಡಾಕ್ಟರು ಎರಡು ಇಸ್ತ್ರಿಪೆಟ್ಟಿಗೆ ಉಜ್ಜಿ ಶಾಕ್ ಕೊಟ್ರು, ಹೀರೋ ಎದ್ದು ಕೂತ. ಈ ಸೀನ್ ಎಷ್ಟು ಸಿನಿಮಾದಲ್ಲಿ ನೋಡಿಲ್ಲ ನಾವು! ಶಾಕ್ ಹೃದಯಾನ ಸ್ಟಾರ್ಟ್ ಮಾಡಲ್ಲ ಕಣ್ರಪ್ಪ. ಹುಚ್ಚಾಪಟ್ಟೆ ಓಡ್ತಿರೋ ಕರೆಂಟನ್ನ ಒಂದು ಸಲ ಪೂರ್ತಿ ನಿಲ್ಲಿಸತ್ತೆ, ಆಗ ಹೃದಯದ ಸ್ವಂತ ಪೇಸ್‌ಮೇಕರ್ ಮತ್ತೆ ಹಿಡಿತ ತಗೊಳ್ಳೋಕೆ ಅವಕಾಶ ಸಿಗತ್ತೆ. ನೇರ ಗೆರೆಯಲ್ಲಿ ನಿಲ್ಲಿಸೋಕೇ ಏನೂ ಇಲ್ಲ. ಪರೀಕ್ಷೇಲಿ ಅಸಿಸ್ಟೊಲಿಗೆ ಶಾಕ್ ಅಂದ್ರೆ ಅಲ್ಲಿಗೆ ಮುಗೀತು. ನೇರ ಗೆರೆ ಕಂಡರೆ ಮೊದಲು ಲೀಡ್ ಕಳಚಿದ್ಯಾ, ಗೇನ್ ಕಮ್ಮಿ ಇದ್ಯಾ ಅಂತ ನೋಡೋದು ಒಳ್ಳೆ ಅಭ್ಯಾಸ, ಸಣ್ಣ ವಿಎಫ್ ಚಪ್ಪಟೆಯಾಗಿ ಕಾಣಿಸ್ತಿರಬಹುದು.

ಶಾಕ್ ಆದ್ಮೇಲೆ ಏನು? ನಾಡಿ ನೋಡೋದು ಅಂದ್ರಾ? ಅಲ್ಲ. ತಕ್ಷಣ ಎದೆ ಒತ್ತೋದು, ಎರಡು ನಿಮಿಷ. ರಿದಮ್ ಸರಿಹೋಗಿದ್ರೂ ಹೃದಯದ ಮಾಂಸ ಇನ್ನೂ ಮಂಕಾಗಿರತ್ತೆ, ಸ್ವಲ್ಪ ಹೊತ್ತು ಅದು ತಾನಾಗಿ ರಕ್ತ ತಳ್ಳಲಾರದು. ಅಕ್ಕ ಮೊದಲ ಸಲ ಮಾರ್ಕ್ಸ್ ಕಳ್ಕೊಂಡ ಜಾಗಗಳಲ್ಲಿ ಇದೂ ಒಂದು. ಶಾಕ್ ಕೊಟ್ಟು ಮಾನಿಟರ್ ನೋಡ್ತಾ ನಿಂತುಬಿಟ್ಟಿದ್ಳಂತೆ. ಕುತೂಹಲ ಯಾರಿಗಿರಲ್ಲ ಹೇಳಿ.

ಭಾಗ 4

ಈಗ ಇಂಜೆಕ್ಷನ್. ಪುಸ್ತಕದಲ್ಲಿ ಅಡ್ರಿನಲಿನ್ 1 ಮಿಲಿಗ್ರಾಂ, ಪ್ರತಿ 3ರಿಂದ 5 ನಿಮಿಷಕ್ಕೆ ಅಂತಿರತ್ತೆ. (ಪುಸ್ತಕದ ಹೆಸರು ಎಪಿನೆಫ್ರಿನ್, ವಾರ್ಡಿನ ಹೆಸರು ಅಡ್ರಿನಲಿನ್, ಎರಡೂ ಒಂದೇ.) ಸುತ್ತು ಎರಡು ನಿಮಿಷದ್ದು, ಔಷಧಿ ಮೂರರಿಂದ ಐದರದ್ದು, ಎರಡು ಗಡಿಯಾರ ತಲೇಲಿ ಓಡಿಸೋಕೆ ಹೋಗಿ ಎಲ್ಲರೂ ಸಿಕ್ಕಾಕ್ಕೊಳ್ತಾರೆ. ನನಗೆ ಇದು ಕಾಸ್ಟಿಂಗ್ ಲೆಕ್ಕದ ಹಾಗೆ ಕಾಣಿಸ್ತು. ಎರಡು ಸುತ್ತಿಗೆ ಒಂದು ಸಲ ಕೊಟ್ರೆ 4 ನಿಮಿಷ. 3ಕ್ಕೂ 5ಕ್ಕೂ ಸರಿಯಾಗಿ ನಡುವೆ. ಅಂದ್ರೆ ಒಂದು ಸುತ್ತು ಬಿಟ್ಟು ಒಂದು ಸುತ್ತು ಅಡ್ರಿನಲಿನ್, ಬೇರೆ ಗಡಿಯಾರ ಬೇಡವೇ ಬೇಡ.

ಮೊದಲ ಡೋಸ್ ಯಾವಾಗ ಅನ್ನೋದು ರಿದಮ್ ಮೇಲೆ ನಿಂತಿದೆ. ಅಸಿಸ್ಟೊಲಿ, ಪಿಇಎ ಆದ್ರೆ ಎಷ್ಟು ಬೇಗ ಆಗತ್ತೋ ಅಷ್ಟು ಬೇಗ, ಬೇರೆ ಅಸ್ತ್ರವೇ ಇಲ್ಲ. ವಿಎಫ್ ಆದ್ರೆ ಮೊದಲ ಹಕ್ಕು ಶಾಕಿನದು, ಎರಡನೇ ಶಾಕ್ ಆದ್ಮೇಲೆ ಅಡ್ರಿನಲಿನ್. ಮೂರನೇ ಶಾಕಿಗೂ ಬಗ್ಗಲಿಲ್ಲ ಅಂದ್ರೆ ಅಮಿಯೋಡರೋನ್ 300 ಮಿಲಿಗ್ರಾಂ, ಮುಂದೆ ಮತ್ತೆ ಬೇಕಾದ್ರೆ 150, ಅಷ್ಟೇ. ಯುರೋಪಿನ ಚಾರ್ಟಲ್ಲಿ ಎರಡು ಔಷಧಿಯೂ ಮೂರನೇ ಶಾಕಿನ ನಂತರ ಬರತ್ತೆ. ಯೂಟ್ಯೂಬಲ್ಲಿ ಒಬ್ಬೊಬ್ಬರು ಒಂದೊಂದು ಹೇಳ್ತಾರಲ್ಲ, ಕಾರಣ ಇದೇ. ನಿಮ್ಮ ಕೋರ್ಸ್ ಯಾರದ್ದೋ ಅವರ ಚಾರ್ಟನ್ನೇ ಓದಿ, ಎರಡನ್ನೂ ಕಲಸಬೇಡಿ.

ಕೊಟ್ಟ ಇಂಜೆಕ್ಷನ್ ಕೈಯಲ್ಲೇ ನಿಂತುಬಿಡಬಾರದು. ಹೃದಯ ನಿಂತಿದೆ, ಅದನ್ನ ಮುಂದಕ್ಕೆ ಸಾಗಿಸೋರು ಯಾರು? ಹಿಂದೆಯೇ 20 ಎಂಎಲ್ ಸಲೈನ್ ತಳ್ಳಿ ಕೈಯನ್ನ ಸ್ವಲ್ಪ ಎತ್ತಿ ಹಿಡೀಬೇಕು. ಎಗ್ಸಾಮಿನರ್ ಕೇಳದೇ ಇದ್ರೂ ಬಾಯಲ್ಲಿ ಹೇಳಿ.

ಭಾಗ 5

ಈಗ ಒಂದು ಕೇಸ್ ಪೂರ್ತಿ. ಅಕ್ಕನ ಪುಸ್ತಕದ ಕೇಸುಗಳನ್ನ ತಿರುಚಿ ನಾನೇ ಮಾಡಿದ್ದು, ಅವಳ ಜೊತೆ ಕೆಲಸ ಮಾಡೋ ಡಾಕ್ಟರ್ ಒಬ್ಬರು ಓದಿ "ಪರವಾಗಿಲ್ಲ, ಬಿಕಾಂ ಡಾಕ್ಟ್ರೇ" ಅಂದ್ರು.

56 ವರ್ಷದ ಗಂಡಸು. ಎದೆನೋವು ಅಂತ ಬಂದು ಕ್ಯಾಶುವಾಲ್ಟಿ ಮಂಚದ ಮೇಲೇ ಕುಸಿದಿದ್ದಾರೆ. ಉಸಿರಿಲ್ಲ, ನಾಡಿ ಇಲ್ಲ. ನನ್ನ ಕೈಯಲ್ಲಿ ಕ್ಯಾಶ್ ಬುಕ್ ಥರ ಗೆರೆ ಹಾಕಿದ ಹಾಳೆ, ಎಡಕ್ಕೆ ಸಮಯ, ಬಲಕ್ಕೆ ಏನಾಯ್ತು ಅಂತ. ನಿಜವಾದ ಟೀಮಲ್ಲೂ ಹೀಗೆ ಬರೆಯೋಕೇ ಒಬ್ಬರು ಇರ್ತಾರೆ, ರೆಕಾರ್ಡರ್ ಅಂತ.

ಸೊನ್ನೆ ನಿಮಿಷ. ಎದೆ ಒತ್ತೋದು ಶುರು, ಒಬ್ಬರು ಪ್ಯಾಡ್ ಅಂಟಿಸ್ತಾರೆ. ಮಾನಿಟರಲ್ಲಿ ಗೀಚಿದ ಗೆರೆ, ವಿಎಫ್. ಮೆಷಿನ್ 200 ಜೂಲ್‌ಗೆ ಚಾರ್ಜ್ ಆಗೋವರೆಗೂ ಒತ್ತೋದು ನಿಲ್ಲಲ್ಲ. "ಎಲ್ಲರೂ ದೂರ, ಆಕ್ಸಿಜನ್ ದೂರ" ಅಂದು ಕಣ್ಣಾಡಿಸಿ, 1ನೇ ನಿಮಿಷಕ್ಕೆ ಮೊದಲ ಶಾಕ್. ತಕ್ಷಣ ಒತ್ತೋದು. ಈ ಸುತ್ತಲ್ಲಿ ಕೈಗೆ ಐವಿ ಲೈನ್ ಹಾಕಿಸ್ತಾಳೆ ಅಕ್ಕ. (200 ಅನ್ನೋದು ಮೆಷಿನ್ ಕಂಪನಿ ಮೇಲೆ ಹೋಗತ್ತೆ. ಬೈಫೇಸಿಕ್ ಮೆಷಿನಲ್ಲಿ 120ರಿಂದ 200, ಗೊತ್ತಿಲ್ಲ ಅಂದ್ರೆ ಆ ಮೆಷಿನಿನ ಗರಿಷ್ಠ.)

2 ನಿಮಿಷ 45 ಸೆಕೆಂಡಿಗೆ ನಾನು "ಇನ್ನು ಹದಿನೈದು" ಅಂತೀನಿ. ಮೆಷಿನ್ ಮೊದಲೇ ಚಾರ್ಜ್ ಆಗತ್ತೆ, ಮುಂದಿನ ಒತ್ತೋರು ಪಕ್ಕಕ್ಕೆ ಬಂದು ನಿಲ್ತಾರೆ. 3ನೇ ನಿಮಿಷ, ಮತ್ತೆ ವಿಎಫ್, ಎರಡನೇ ಶಾಕ್, ಒತ್ತೋದು. ಈಗ ಅಡ್ರಿನಲಿನ್ 1 ಮಿಲಿಗ್ರಾಂ. ಕೊಟ್ಟವರು "ಅಡ್ರಿನಲಿನ್ ಒಂದು ಮಿಲಿಗ್ರಾಂ ಹೋಯ್ತು" ಅಂತ ವಾಪಸ್ ಹೇಳಲೇಬೇಕು. ಹೇಳದಿದ್ರೆ ನಾನು ಬರೆಯಲ್ಲ, ಬರೆಯದ್ದು ಕೊಟ್ಟ ಲೆಕ್ಕಕ್ಕಿಲ್ಲ. ವೋಚರ್ ಇಲ್ಲದೆ ಎಂಟ್ರಿ ಇಲ್ಲ ಅಂತ ನಮ್ಮ ಅಕೌಂಟೆನ್ಸಿ ಸರ್ ಹೇಳಲ್ವಾ, ಹಾಗೆ.

5ನೇ ನಿಮಿಷ, ಇನ್ನೂ ವಿಎಫ್, ಮೂರನೇ ಶಾಕ್. ಅಮಿಯೋಡರೋನ್ 300. ಈ ಸುತ್ತಲ್ಲಿ ಡಾಕ್ಟರು ಗಂಟಲಿಗೆ ಟ್ಯೂಬ್ ಹಾಕ್ತಾರೆ. ಟ್ಯೂಬ್ ಬಂದ್ಮೇಲೆ 30ಕ್ಕೆ 2ರ ಲೆಕ್ಕ ಹೋಯ್ತು. ಒತ್ತೋದು ನಿಲ್ಲದೆ ನಡೆಯತ್ತೆ, ಬ್ಯಾಗ್ ಹಿಚುಕೋದು 6 ಸೆಕೆಂಡಿಗೆ ಒಂದು ಸಲ. ಟ್ಯೂಬಿಗೆ ಸಿಕ್ಕಿಸಿದ ಕಾರ್ಬನ್ ಡೈಆಕ್ಸೈಡ್ ಮೀಟರ್ 14 ತೋರಿಸ್ತಿದೆ. 10ಕ್ಕಿಂತ ಕೆಳಗಿದ್ರೆ ಒತ್ತೋದು ಸಾಲ್ತಿಲ್ಲ ಅಂತ ಒಂದು ಸೂಚನೆ.

7ನೇ ನಿಮಿಷ. ಮಾನಿಟರಲ್ಲಿ ಈಗ ನೆಟ್ಟಗಿನ ಗೆರೆ, ನಿಮಿಷಕ್ಕೆ 60 ಬಡಿತ. ಎಲ್ಲರಿಗೂ ಖುಷಿ. ಅಕ್ಕ ಮೊದಲ ಸಲ ಸಿಕ್ಕಿಬಿದ್ದಿದ್ದು ಇಲ್ಲೇ, ರಿದಮ್ ಬಂತು ಅಂತ ಟೀಮನ್ನ ನಿಲ್ಲಿಸಿಬಿಟ್ಟಿದ್ಳು. ನೆಟ್ಟಗಿನ ಗೆರೆ ಕಂಡರೆ ಕತ್ತಿಗೆ ಕೈ ಹೋಗಬೇಕು. ನಾಡಿ ಇಲ್ಲ. ಅಂದ್ರೆ ಪಿಇಎ. ಕರೆಂಟು ಇದೆ, ಪಂಪ್ ಓಡ್ತಿಲ್ಲ. ಶಾಕ್ ಇಲ್ಲ, ಚಾರ್ಜನ್ನ ಮೆಷಿನಲ್ಲೇ ಖಾಲಿ ಮಾಡಿ ಒತ್ತೋದು ಮುಂದುವರಿಸಬೇಕು. ಅಡ್ರಿನಲಿನ್ ಮೂರನೇ ನಿಮಿಷದ್ದು, ಈಗ ಏಳು, ಒಂದು ಸುತ್ತು ಬಿಟ್ಟಾಯ್ತು, ಎರಡನೇ ಡೋಸ್. ಅಮಿಯೋಡರೋನ್ 150 ಬೇಕಾ ಅಂತ ನಾನು ಬೇಕಂತಲೇ ಕೇಳ್ತೀನಿ. ಬೇಡ, ಅದು ವಿಎಫ್‌ಗೆ, ಈಗ ವಿಎಫ್ ಇಲ್ಲ.

ಇಲ್ಲಿಂದ ಚಾರ್ಟು ಕೈಬಿಡತ್ತೆ, ತಲೆ ಓಡಿಸಬೇಕು. ಪಿಇಎಗೆ ಸಾಮಾನ್ಯವಾಗಿ ಹಿಂದೊಂದು ಕಾರಣ ಇರತ್ತೆ. ಅದನ್ನ ಹುಡುಕೋಕೆ "ಎಚ್" ಅಕ್ಷರದವು ಐದು, "ಟಿ" ಅಕ್ಷರದವು ಐದು ಅಂತ ಬಾಯಿಪಾಠ ಮಾಡಿಸ್ತಾರೆ. ರಕ್ತ ಅಥವಾ ನೀರಿನಂಶ ಕಮ್ಮಿ, ಆಕ್ಸಿಜನ್ ಕಮ್ಮಿ, ಆಮ್ಲ ಜಾಸ್ತಿ, ಪೊಟ್ಯಾಷಿಯಂ ಏರುಪೇರು, ಮೈ ತಣ್ಣಗಾಗಿರೋದು ಒಂದು ಗುಂಪು. ಎದೆಗೂಡಲ್ಲಿ ಗಾಳಿ ಒತ್ತೋದು, ಹೃದಯದ ಚೀಲದಲ್ಲಿ ರಕ್ತ ತುಂಬೋದು, ವಿಷ, ಶ್ವಾಸಕೋಶದಲ್ಲಿ ಹೆಪ್ಪು, ಹೃದಯದ ರಕ್ತನಾಳದಲ್ಲಿ ಹೆಪ್ಪು ಇನ್ನೊಂದು. ಹತ್ತನ್ನೂ ಗಿಣಿ ಥರ ಒಪ್ಪಿಸಿದ್ರೆ ಎಗ್ಸಾಮಿನರ್ "ಸರಿ, ಈ ಪೇಷಂಟಿಗೆ ಯಾವುದು?" ಅಂತಾರೆ. ಆಗ ಪೇಷಂಟನ್ನ ನೋಡಬೇಕು.

ಬ್ಯಾಗ್ ಹಿಚುಕ್ತಿರೋರು ಹೇಳ್ತಾರೆ, "ಮೇಡಂ, ಬ್ಯಾಗ್ ತುಂಬ ಬಿಗಿಯಾಗಿದೆ." ಅಕ್ಕ ಸ್ಟೆತೊಸ್ಕೋಪ್ ಇಡ್ತಾಳೆ. ಎಡಗಡೆ ಗಾಳಿ ಹೋಗ್ತಿದೆ, ಬಲಗಡೆ ಸದ್ದೇ ಇಲ್ಲ. ಕತ್ತಿನ ನರ ಉಬ್ಬಿದೆ. ಎರಡು ಅನುಮಾನ. ಒಂದು, ಟ್ಯೂಬ್ ತೀರಾ ಒಳಗೆ ಹೋಗಿ ಒಂದೇ ಕಡೆ ಗಾಳಿ ಹೋಗ್ತಿರೋದು. ಆದ್ರೆ ಆಳಕ್ಕಿಳಿದ ಟ್ಯೂಬ್ ಸಾಮಾನ್ಯವಾಗಿ ಜಾರೋದು ಬಲಕ್ಕೆ, ಯಾಕಂದ್ರೆ ಬಲ ಕವಲು ನೇರವಾಗಿದೆ. ಹಾಗಾಗಿದ್ರೆ ಎಡಗಡೆ ಸದ್ದು ನಿಲ್ಲಬೇಕಿತ್ತು. ಇಲ್ಲಿ ನಿಂತಿರೋದು ಬಲಗಡೆ. ಉಳಿದಿದ್ದು ಇನ್ನೊಂದು: ಒತ್ತುವಾಗ ಪಕ್ಕೆಲುಬು ಮುರಿದು ಶ್ವಾಸಕೋಶಕ್ಕೆ ಚುಚ್ಚಿದೆ. ಬ್ಯಾಗಿನ ಪ್ರತಿ ಹಿಚುಕಿಗೂ ಗಾಳಿ ಎದೆಗೂಡಿಗೆ ಸೋರಿ, ಹೊರಗೆ ಬರಲಾರದೆ ಹೃದಯವನ್ನೇ ಒತ್ತಿ ಹಿಡಿದಿದೆ. ಟೆನ್ಷನ್ ನ್ಯುಮೊಥೊರಾಕ್ಸ್. ಎಕ್ಸ್‌ರೇಗೆ ಕಾಯೋ ಹಾಗಿಲ್ಲ. ಬಲಗಡೆ ಸೂಜಿ ಹಾಕಿ ಗಾಳಿ ಬಿಡಿಸೋಕೆ ಡಾಕ್ಟರಿಗೆ ಹೇಳ್ತಾಳೆ. ನಾನು ಬಾಯಲ್ಲಿ "ಸ್ಸ್" ಅಂತ ಶಬ್ದ ಮಾಡ್ತೀನಿ, ಅದು ನನ್ನ ಸ್ಪೆಷಲ್ ಎಫೆಕ್ಟು.

ಎಂಟೂವರೆ ನಿಮಿಷಕ್ಕೆ ಮೀಟರ್ 14ರಿಂದ 42ಕ್ಕೆ ಹಾರತ್ತೆ, ಅಲ್ಲೇ ನಿಲ್ಲತ್ತೆ. ರಕ್ತ ತಾನಾಗಿ ಓಡೋಕೆ ಶುರುವಾದಾಗ ಶ್ವಾಸಕೋಶಕ್ಕೆ ಕಾರ್ಬನ್ ಡೈಆಕ್ಸೈಡ್ ಒಮ್ಮೆಲೇ ಬಂದು ಬೀಳತ್ತೆ, ಅದರ ಗುರುತು. 9ನೇ ನಿಮಿಷದ ನಿಲುಗಡೆಯಲ್ಲಿ ಕತ್ತಲ್ಲಿ ನಾಡಿ ಇದೆ.

"ಸದ್ಯ, ಮುಗೀತು" ಅಂತ ಅಕ್ಕ ನೆಲಕ್ಕೆ ಕೂತಳು. ನಾನು ಸ್ಟಾಪ್‌ವಾಚ್ ನಿಲ್ಲಿಸಲಿಲ್ಲ. "ಬಿಪಿ 86ಕ್ಕೆ 50, ಸಿಸ್ಟರ್" ಅಂದೆ. ಬೈಕೊಂಡು ಎದ್ದಳು. ಎದೆಗೆ ಸರಿಯಾದ ಟ್ಯೂಬ್ ಹಾಕಿಸೋದು, ಫ್ಲೂಯಿಡ್ ಕೊಟ್ಟು ಬೇಕಾದ್ರೆ ನಾರ್‌ಅಡ್ರಿನಲಿನ್ ಶುರು ಮಾಡಿ ಬಿಪಿ 90ರ ಮೇಲೆ ತರೋದು, 12 ಲೀಡಿನ ಇಸಿಜಿ ತೆಗೆಸೋದು. ಎದೆನೋವಿಂದ ಬಂದವರು ಅಂತ ಕೇಸಿನ ಮೊದಲ ಸಾಲಲ್ಲೇ ಇತ್ತಲ್ಲ. ಇಸಿಜಿಯಲ್ಲಿ ಎಸ್‌ಟಿ ಮೇಲೆದ್ದಿದೆ, ಹೃದಯದ ರಕ್ತನಾಳ ಮುಚ್ಚಿದೆ, ಕ್ಯಾಥ್ ಲ್ಯಾಬಿಗೆ ಫೋನ್. ಇವೆಲ್ಲ ಆದ್ಮೇಲೆ ಸ್ಟಾಪ್‌ವಾಚ್ ನಿಂತಿದ್ದು.

ಭಾಗ 6

ಎರಡನೇ ಚಾನ್ಸಲ್ಲಿ ಅಕ್ಕನಿಗೆ ಬಂದಿದ್ದು ಬೇರೆಯದೇ ಕೇಸು, ಕೊನೆಗೆ ಅಸಿಸ್ಟೊಲಿಗೆ ತಿರುಗೋದು. ಲೀಡ್ ನೋಡಿದ್ಳು, ಗೇನ್ ನೋಡಿದ್ಳು, ಶಾಕ್ ಕೇಳಲಿಲ್ಲ, ಸುತ್ತು ಬಿಟ್ಟು ಸುತ್ತು ಅಡ್ರಿನಲಿನ್ ಕೊಟ್ಟಳು. ಪಾಸು. ಕಾಂಟ್ರ್ಯಾಕ್ಟ್ ಕಾಗದ ಬಂದ ದಿನ ನಂಗೆ ಬಿರಿಯಾನಿ.

ಆದ್ರೂ ಹಾಲಲ್ಲಿ ಆಡಿದ್ದಕ್ಕೂ ಅವಳ ಕ್ಯಾಶುವಾಲ್ಟಿಗೂ ವ್ಯತ್ಯಾಸ ಇದೆ, ಅದನ್ನೂ ಅವಳೇ ಹೇಳಿದ್ದು. ಮೆಗಾಕೋಡಲ್ಲಿ ಎಲ್ಲ ಕೆಲಸಕ್ಕೂ ಒಬ್ಬೊಬ್ಬರು ಇರ್ತಾರೆ. ನೈಟ್ ಡ್ಯೂಟೀಲಿ ಮೂರೇ ಜನ ಇರಬಹುದು. ಆಗ ಒತ್ತೋರು ಎರಡು ನಿಮಿಷಕ್ಕೆ ಬದಲಾಗೋದು ಮೊದಲು ತಪ್ಪಿಹೋಗತ್ತೆ. ಒತ್ತೋರಿಗೆ ಸುಸ್ತಾಗಿರೋದು ಅವರಿಗೇ ಗೊತ್ತಾಗಲ್ಲ, ಆಳ ಮಾತ್ರ ಕಮ್ಮಿ ಆಗ್ತಾ ಹೋಗತ್ತೆ. ಅದಕ್ಕೇ ಅವಳು ಈಗ ಡ್ಯೂಟಿ ಶುರುವಿನಲ್ಲೇ ವಾರ್ಡ್ ಬಾಯ್, ಆಯಾ ಎಲ್ಲರನ್ನೂ ಸೇರಿಸಿ ಯಾರ ನಂತರ ಯಾರು ಅಂತ ಹೇಳಿಟ್ಟಿರ್ತಾಳೆ, ಗೋಡೆ ಗಡಿಯಾರದ ಸೆಕೆಂಡ್ ಮುಳ್ಳು ಓಡ್ತಿದ್ಯಾ ನೋಡ್ತಾಳೆ.

ಇನ್ನೊಂದು ವ್ಯತ್ಯಾಸ. ಗೊಂಬೆ ಕೇಸಲ್ಲಿ ಎಲ್ಲ ಸರಿ ಮಾಡಿದ್ರೆ ಸಾಮಾನ್ಯವಾಗಿ ನಾಡಿ ವಾಪಸ್ ಬರತ್ತೆ. ಅಲ್ಲಿ ಎಲ್ಲ ಸರಿ ಮಾಡಿದ್ರೂ ಎಷ್ಟೋ ಸಲ ಬರಲ್ಲ. ಯಾವಾಗ ನಿಲ್ಲಿಸೋದು ಅನ್ನೋದಕ್ಕೆ ಚಾರ್ಟಲ್ಲಿ ಬಾಣ ಇಲ್ಲ. ಟ್ಯೂಬ್ ಹಾಕಿದ ಪೇಷಂಟಲ್ಲಿ 20 ನಿಮಿಷ ಚೆನ್ನಾಗಿ ಒತ್ತಿದ್ಮೇಲೂ ಆ ಮೀಟರ್ 10 ದಾಟದಿದ್ರೆ ಉಳಿಯೋ ಸಾಧ್ಯತೆ ತೀರಾ ಕಡಿಮೆ ಅಂತ ಪುಸ್ತಕ ಹೇಳತ್ತೆ, ಆದ್ರೆ ಅದೊಂದನ್ನೇ ನೋಡಿ ನಿಲ್ಲಿಸಬೇಡಿ ಅಂತಲೂ ಹೇಳತ್ತೆ. ಎಷ್ಟು ಹೊತ್ತಿಗೆ ಒತ್ತೋಕೆ ಶುರು ಮಾಡಿದ್ರು, ಯಾವ ರಿದಮ್, ಸರಿಮಾಡೋ ಅಂಥ ಕಾರಣ ಉಳಿದಿದ್ಯಾ, ಎಲ್ಲ ಸೇರಿಸಿ ಡಾಕ್ಟರು ಹೇಳಬೇಕು. ಹೇಳೋಕೆ ಮುಂಚೆ ಅವರು ಟೀಮಲ್ಲಿ ಎಲ್ಲರನ್ನೂ ಒಂದು ಸಲ ಕೇಳ್ತಾರಂತೆ, "ಬೇರೆ ಏನಾದ್ರೂ ಯಾರಿಗಾದ್ರೂ ಹೊಳೀತಿದ್ಯಾ?" ಅಂತ. ಆಮೇಲೆ ಸಮಯ ಹೇಳ್ತಾರೆ, ರೆಕಾರ್ಡರ್ ಬರ್ಕೊಳ್ತಾರೆ.

ಮುಂದಿನ ಪೋಸ್ಟಲ್ಲಿ ನಾಡಿ ಇದ್ದೂ ತೀರಾ ನಿಧಾನ ಇರೋ ಬ್ರ್ಯಾಡಿಕಾರ್ಡಿಯಾ ಚಾರ್ಟು. ಅಟ್ರೋಪಿನ್ ಅಲ್ಲಿಗೆ ಸೇರಿದ್ದು, ಅಸಿಸ್ಟೊಲಿ ಚಾರ್ಟಿಂದ ಅದನ್ನ 2010ರಲ್ಲೇ ತೆಗೆದಿದ್ದಾರೆ. ಹಳೇ ನೋಟ್ಸ್ ಇಟ್ಕೊಂಡು ಓದ್ತಿರೋರು ಇವತ್ತೇ ಆ ಸಾಲು ಹೊಡೆದುಹಾಕಿ.